ನಾಕ್ ಜಂಪರ್ ಹೊಲಿದ್ರ ಎರಡು ವಾಪಸ್ ಬರ್ತಾವ, ಬುಟೀಕ್ ಹ್ಯಾಂಗ ಮಾಡ್ಲಿ?

ಪ್ರಶ್ನೆ: ಅಕ್ಕಾರ, ನಮ್ಮದು ಯಾದಗಿರಿ ಜಿಲ್ಲಾ ಶಹಾಪುರ ಕಡಿ ಒಂದ್ ಹಳ್ಳಿ. ಆರ್ ವರ್ಷದಿಂದ ಮನಿಯಾಗೇ ಫಾಲ್, ಪೀಕೋ, ಸೈಡ್ ಹಿಡಿಯೋದು, ಬಿಚ್ಚೋದು ಇಂಥಾ ಆಲ್ಟ್ರೇಷನ್ ಕೆಲಸ ಮಾಡ್ಕೊಂಡ್ ಬಂದೀನಿ. ಈಗ ಜಂಪರ್ ಹೊಲಿಲಿಕ್ಕ ಶುರು ಮಾಡೀನಿ, ಆದ್ರ ನಾಕ್ ಹೊಲಿದ್ರ ಎರಡು ಫಿಟಿಂಗ್ ಬರ್ಲಿಲ್ಲ ಅಂತ ವಾಪಸ್ ಬರ್ತಾವ. ಮುಂದ ಡಿಸೈನ್ ಬ್ಲೌಸಿಂದು ಸಣ್ಣ ಬುಟೀಕ್ ಮಾಡ್ಬೇಕಂತ ಭಾಳ ಆಸೆ ಅದ. ಮೊದಲ ಏನ್ ಮಾಡ್ಲಿ, ಆರಿ ವರ್ಕ್ ಕಲೀಲ್ಯೊ, ಹೊಸ ಮಷೀನ್ ತಗೊಳ್ಲ್ಯೊ?

ಉತ್ತರ: ತಂಗಿ, ಆರಿನೂ ಬ್ಯಾಡ, ಮಷೀನೂ ಬ್ಯಾಡ, ಮೊದಲ ಆ ವಾಪಸ್ ಬಂದ ಎರಡು ಜಂಪರ್ ಕೈಯಾಗ ಹಿಡಕೊಂಡು ಕೂಡ್ರಿ. ಯಾಕಂದ್ರ ಆರಿ ವರ್ಕ್ ಬಟ್ಟಿ ಕತ್ತರಿಸೂಕಿಂತ ಮೊದಲ ಆಗೋ ಕೆಲಸ, ಬಟ್ಟಿ ಮ್ಯಾಲ ಜಂಪರಿನ ಗೆರಿ ಎಳಕೊಂಡು, ಅದನ್ನ ಫ್ರೇಮಿಗೆ ಬಿಗಿದು, ಆ ಗೆರಿ ಒಳಗ ವರ್ಕ್ ಮಾಡ್ತಾರ, ಆಮ್ಯಾಲ ಕತ್ತರಿ ಹಾಕ್ತಾರ. ಒಮ್ಮೆ ವರ್ಕ್ ಆತಂದ್ರ ಕೊಳ್ಳ ಅರ್ಧ ಇಂಚು ಸರಸ್ಲಿಕ್ಕೂ ಬರಂಗಿಲ್ಲ. ಸಾದಾ ಜಂಪರ್ ಕೆಟ್ರ ಬಿಚ್ಚಿ ಹೊಲಿಬಹುದು, ವರ್ಕ್ ಜಂಪರ್ ಕೆಟ್ರ ಗಿರಾಕಿ ಸೀರಿನೇ ಕೆಟ್ಟಂಗ. ಅದಕ್ಕ ನಿಮ್ಮ ಬುಟೀಕಿನ ದಾರಿ ಫಿಟಿಂಗ್ ಮ್ಯಾಲ ಹಾದೇ ಹೋಗ್ತದ, ಸುತ್ತು ಹಾಕಿ ಹೋಗ್ಲಿಕ್ಕ ಬರಂಗಿಲ್ಲ.

ನಾನು ಇಲ್ಲೇ ಕಲಬುರಗಿಯಾಗ 22 ವರ್ಷ ಆತು ಜಂಪರ್ ಹೊಲಿಲಿಕತ್ತು, ಹುಡುಗ್ಯಾರಿಗೆ ಕಲಸ್ತೀನಿ ಸುದ್ದಾ. ನನ್ನ ಹತ್ರ ಬರೋ ಹುಡುಗ್ಯಾರಾಗ ಆಲ್ಟ್ರೇಷನ್ ಮಾಡಿ ಬಂದಾಕಿ ಲಗೂನ ಕಲೀತಾಳ, ಯಾಕಂದ್ರ ಆಕಿ ಮಂದಿ ಹೊಲಿದ ನೂರಾರು ತಪ್ಪು ಬಿಚ್ಚಿ ನೋಡಿರ್ತಾಳ. ಆದ್ರ ಬರದಿಟ್ಕೊಂಡಿರಂಗಿಲ್ಲ. ಇವತ್ತಿಂದ ಒಂದು ನೋಟ್‌ಬುಕ್ ಇಡ್ರಿ, ಆಲ್ಟ್ರೇಷನ್ನಿಗೆ ಬಂದ ಪ್ರತಿ ಜಂಪರಿಗೂ ಒಂದ್ ಸಾಲು: ಎಲ್ಲಿ ಬಿಗಿ, ಎಲ್ಲಿ ಸಡ್ಲ, ಎಲ್ಲಿ ಬಿಚ್ಚಿದೆ, ಎಷ್ಟು ಬಿಟ್ಟೆ. ಒಂದು ತಿಂಗಳು ಬರದ್ರ ಗೊತ್ತಾಗ್ತದ, ನಿಮ್ಮೂರಾಗ ಭಾಳ ಮಂದಿ "ಸೈಡ್ ಬಿಚ್ಚಿ ಕೊಡು" ಅಂತ ಬರ್ತಾರ, ಆದ್ರ ಖರೆ ಬಿಗಿ ಇರೋದು ಸೈಡಿನಾಗಲ್ಲ, ಮುಂದಿನ ಭಾಗದಾಗ. ಸೈಡ್ ಬಿಚ್ಚಿದ್ರ ಬೆನ್ನು ಇನ್ನೂ ಸಡ್ಲ ಆಗ್ತದ, ಭುಜ ಜಾರ್ತದ, ಮತ್ತ "ಶೋಲ್ಡರ್ ಹಿಡಿ" ಅಂತ ಬರ್ತಾರ.

ಇದು ಯಾಕ ಹಾಂಗ ಆಗ್ತದ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದೊಂದು ತಿಳೀತಂದ್ರ ನಿಮ್ಮ ಅರ್ಧ ರಿಟರ್ನ್ ನಿಲ್ತಾವ.

ನಮ್ಮ ಕಡಿ ಹೆಣ್ಮಕ್ಕಳು ಮೈ ಅಳತಿ ಕೊಡ್ಲಿಕ್ಕ ನಾಚ್ತಾರ, ಒಂದು ಹಳೇ ಜಂಪರ್ ಕೊಟ್ಟು "ಇದರಂಗೇ ಹೊಲಿರಿ" ಅಂತಾರ. ನಾನೂ ಶುರುವಿಗೆ ಹಾಂಗೇ ಮಾಡ್ತಿದ್ದೆ. ಒಂದ್ ಸಲ ಮದುವಿ ಮನಿಯವರು ಐದು ರೇಷ್ಮಿ ಜಂಪರ್ ಕೊಟ್ಟಿದ್ರು, ಅಳತಿಗೆ ಕೊಟ್ಟ ಜಂಪರ್ ಮೂರ್ ವರ್ಷದ್ದು, ತೊಟ್ಟು ತೊಟ್ಟು ಕಂಕುಳ ಹತ್ರ ಬಟ್ಟಿ ಎಳೆದು ಉದ್ದ ಆಗಿತ್ತು, ಅದರ ಮ್ಯಾಲ ಸೈಡ್ ಎರಡು ಸಲ ಬಿಚ್ಚಿದ್ರು. ನಾನು ಅದನ್ನೇ ಬಟ್ಟಿ ಮ್ಯಾಲ ಇಟ್ಟು ಚಾಕ್ ಎಳದೆ. ಐದಕ್ಕ ಐದೂ ಕಂಕುಳದಾಗ ಚೀಲ ಚೀಲ ಆಗಿ ನಿಂತ್ವು. ಮದುವಿಗೆ ಎರಡು ದಿನ ಇತ್ತು, ರಾತ್ರಿ ಎಲ್ಲಾ ಕೂತು ಬಿಚ್ಚಿ ಹೊಲಿದೆ, ಆದ್ರ ರೇಷ್ಮಿ ಮ್ಯಾಲ ಹಳೇ ಹೊಲಿಗಿ ತೂತು ಹಾಂಗೇ ಕಾಣ್ತಿದ್ವು. ಅವತ್ತಿಂದ ಹಳೇ ಜಂಪರ್ ಬರೇ ಉದ್ದ, ತೋಳು, ಕೊಳ್ಳ ಎಷ್ಟು ಇಳದದ ಅನ್ನೋದಕ್ಕ ನೋಡ್ತೀನಿ, ಎದಿ ಅಳತಿ ಮೈ ಮ್ಯಾಲೇ ತಗೊಳ್ತೀನಿ. ನೀವೂ ಮನಿಯಾಗ ಒಂದು ಮೂಲ್ಯಾಗ ಪರದೆ ಕಟ್ರಿ, ಕನ್ನಡಿ ಇಡ್ರಿ, ಬಾಗಲಾ ಹಾಕ್ರಿ, ಹೆಣ್ಮಕ್ಕಳು ಟೇಪ್ ಹಿಡಸಿಕೊಳ್ತಾರ, ನಾಚಿಕಿ ಇರೋದು ಅಳತಿಗಲ್ಲ, ಯಾರಾದ್ರೂ ನೋಡ್ಯಾರು ಅನ್ನೋದಕ್ಕ.

ಎದಿ ಅಳತಿ ಒಂದಲ್ಲ, ಮೂರು ತಗೊಳ್ರಿ. ಕಂಕುಳ ಕೆಳಗಿಂದ ಹಾದು ಎದಿ ಮ್ಯಾಲ ಒಂದು, ಅದಕ್ಕ ಮ್ಯಾಲೆದಿ ಅನ್ರಿ. ತುಂಬ ಜಾಗಾದಾಗ ಒಂದು, ಅದು ತುಂಬೆದಿ. ಎದಿ ಕೆಳಗ ಜಂಪರ್ ಮುಗಿಯೋ ಜಾಗಾದಾಗ ಒಂದು. ಅದರ ಜೋಡಿ ಭುಜದಿಂದ ಟಕ್ಸ್ ಪಾಯಿಂಟ್ ತನಕ ಉದ್ದ, ಎರಡು ಪಾಯಿಂಟ್ ನಡುವಿನ ಅಂತರ, ಬೆನ್ನ ಮ್ಯಾಲ ಈ ಭುಜದ ಎಲುಬಿಂದ ಆ ಭುಜದ ಎಲುಬಿಗೆ. ಸೀರಿ ಉಡೋವಾಗ ಯಾವ ಬ್ರಾ ಹಾಕ್ತಾರೋ ಅದನ್ನೇ ಹಾಕ್ಕೊಂಡು ಬರ್ಲಿಕ್ಕ ಹೇಳ್ರಿ, ಬ್ರಾ ಬದಲಾದ್ರ ಟಕ್ಸ್ ಪಾಯಿಂಟ್ ಮ್ಯಾಲ ಕೆಳಗ ಆಗ್ತದ.

ಈಗ ಲೆಕ್ಕಾ ನೋಡ್ರಿ. ಒಬ್ಬಾಕಿದು ಮ್ಯಾಲೆದಿ 34, ತುಂಬೆದಿ 38, ಕೆಳಗ 31 ಅನ್ಕೋರಿ. ಮಕ್ಕಳಾದ ಹೆಣ್ಮಕ್ಕಳಾಗ ಇಂಥಾ ಮೈ ಭಾಳ ಸಿಗ್ತದ. ಉಸಿರಾಡ್ಲಿಕ್ಕ, ಕೈ ಎತ್ಲಿಕ್ಕ ಒಂದಿಂಚು ಸಡ್ಲ ಸೇರಿಸಿದ್ರ ಜಂಪರ್ ಎದಿ ಸುತ್ತ 39 ಬೇಕು. ಎಲ್ಲಾರೂ ಏನ್ ಮಾಡ್ತಾರ, 39ಕ್ಕ ನಾಕರಿಂದ ಭಾಗ ಹಾಕಿ ಮುಂದಿನ ಭಾಗಕ್ಕೂ 9.75 ಇಂಚು, ಹಿಂದಿನ ಭಾಗಕ್ಕೂ 9.75 ಇಂಚು ಎಳೀತಾರ. ಆದ್ರ ಆಕಿ ಬೆನ್ನು 38ರ ಬೆನ್ನಲ್ಲ ತಂಗಿ, ಆಕಿ ಬೆನ್ನು 34ರದ್ದು, ಆ ಹೆಚ್ಚಿನ ನಾಕ್ ಇಂಚು ಎಲ್ಲಾ ಮುಂದಿಂದು. ಹಿಂದಿನ ಭಾಗ 34ರ ಕಾಲು ಭಾಗ ಎಂಟೂವರಿ, ಅರ್ಧ ಇಂಚು ಸಡ್ಲ ಸೇರಿ 9 ಸಾಕು. ಮುಂದ 10.5 ಬೇಕು. ಎರಡೂ ಕಡಿದು ಕೂಡಿಸಿದ್ರ 18 ಮತ್ತ 21, ಅದೇ 39. ಸುತ್ತಳತಿ ಬದಲಾಗ್ಲಿಲ್ಲ, ಹಂಚಿಕಿ ಬದಲಾತು. ಸಮ ಹಂಚಿದಾಗ ಬೆನ್ನಿಗೆ ಒಂದೂವರಿ ಇಂಚು ಹೆಚ್ಚಾಗಿ ಹೋಗಿತ್ತು, ಮುಂದ ಒಂದೂವರಿ ಇಂಚು ಕಡಿಮಿ ಬಿದ್ದಿತ್ತು, ಅದಕ್ಕೇ ಹುಕ್ಕಿನ ಹತ್ರ ಬಾಯಿ ಬಿಡೋದು, ಸೈಡ್ ಹೊಲಿಗಿ ಮುಂದಕ್ಕ ಎಳ್ಕೊಂಡು ಬರೋದು, ಬೆನ್ನಾಗ ಬಟ್ಟಿ ಮಡಿಕಿ ಬೀಳೋದು.

ಭುಜ ಮತ್ತ ಕಂಕುಳ ರೌಂಡ್ ಸುದ್ದಾ 34ರ ಲೆಕ್ಕದಾಗೇ ಎಳೀರಿ, 38 ನೋಡಿ ಎಳೀಬ್ಯಾಡ್ರಿ. ಅಂಗಡಿಯಾಗ ಮಾರೋ ರೆಡಿ ಪ್ಯಾಟರ್ನ್ ಒಂದೇ ಎದಿ ಅಳತಿ ಮ್ಯಾಲ ಮಾಡಿರ್ತಾರ, 38 ಅಂದ್ರ ಭುಜನೂ 38ರದ್ದೇ ಬಂದ್ಬಿಡ್ತದ. ಇಂಥಾ ಮೈಗೆ ಅದು ಕೂಡಂಗಿಲ್ಲ.

ಕೆಳಗಿನ ಲೆಕ್ಕಾ ಹಾಂಗೇ. ಕೆಳಗ 31, ಒಂದಿಂಚು ಸಡ್ಲ ಸೇರಿ 32. ಹಿಂದ ಒಂದು ಕಡಿಗೆ 7.5, ಮುಂದ 8.5 ಇಟ್ಕೋರಿ. ಹಿಂದ 9ರಿಂದ 7.5ಕ್ಕ ಬರ್ಬೇಕಂದ್ರ ಒಂದಿಂಚಿನ ಟಕ್ಸ್, ಸೈಡಿನಾಗ ಅರ್ಧ ಇಂಚು ಓರಿ. ಮುಂದ 10.5ರಿಂದ 8.5ಕ್ಕ ಬರ್ಲಿಕ್ಕ ಒಂದೂವರಿ ಇಂಚಿನ ಟಕ್ಸ್, ಸೈಡಿನಾಗ ಅರ್ಧ ಇಂಚು. ಮತ್ತೊಂದು ಮಾತು ಮರೀಬ್ಯಾಡ್ರಿ, ತುಂಬಿದ ಎದಿ ಅಗಲ ಅಷ್ಟೇ ಅಲ್ಲ, ಉದ್ದಾನೂ ತಿಂತದ. ಬೆನ್ನ ಉದ್ದ 14 ಇದ್ರ ಮುಂದ ಭುಜದಿಂದ ಎದಿ ಮ್ಯಾಲ ಹಾದು ಟೇಪ್ ಇಳಿಸಿದ್ರ 15 ಬರ್ತದ, ಆ ಒಂದಿಂಚು ಹೆಚ್ಚು ಬಟ್ಟಿ ಮುಂದಿನ ಭಾಗದಾಗ ಬಿಟ್ಟು, ಕಂಕುಳ ಕೆಳಗ ಸೈಡಿಂದ ಬರೋ ಟಕ್ಸಿನಾಗ ಅದನ್ನ ತಿನ್ನಸ್ರಿ, ಆಗ ಸೈಡ್ ಹೊಲಿಗಿ ಎರಡೂ ಸಮ ಕೂಡ್ತಾವ. ಬಿಡ್ಲಿಲ್ಲಂದ್ರ ಜಂಪರ್ ಮುಂದ ಮ್ಯಾಲಕ್ಕ ಏರ್ತದ, ಹೆಣ್ಮಕ್ಕಳು ದಿನ ಪೂರ್ತಿ ಕೆಳಗ ಎಳಕೋತ ಇರ್ತಾರ, ನೀವೇ ನೋಡಿರ್ತೀರಿ. ಟಕ್ಸಿನ ತುದಿ ಪಾಯಿಂಟ್ ಮುಟ್ಟಬಾರ್ದು, ಮುಕ್ಕಾಲಿಂಚು ಮೊದಲೇ ನಿಲ್ಲಸ್ರಿ, ಮುಟ್ಟಿದ್ರ ಅಲ್ಲಿ ಮೊನಚಾಗಿ ನಿಲ್ತದ, ಎಷ್ಟು ಇಸ್ತ್ರಿ ಹಾಕಿದ್ರೂ ಹೋಗಂಗಿಲ್ಲ.

ಲೆಕ್ಕಾ ಎಷ್ಟೇ ಸರಿ ಇದ್ರೂ ಮೈ ಮ್ಯಾಲ ನೋಡ್ಲಾರ್ದ ಗಿರಾಕಿ ಬಟ್ಟಿ ಕತ್ತರಿಸಬ್ಯಾಡ್ರಿ. ಇದಕ್ಕ ಬ್ಯಾರೆ ಬಟ್ಟಿ ಖರ್ಚು ಬೇಕಿಲ್ಲ, ಅಸ್ತರನ್ನೇ ಟ್ರಯಲ್ಲಿಗೆ ಉಪಯೋಗಿಸ್ರಿ, ನನ್ನ ಹತ್ರ ಕಲಿತ ಎಲ್ಲಾರಿಗೂ ನಾನು ಇದನ್ನೇ ಹಟ ಹಿಡಿದು ಮಾಡಿಸ್ತೀನಿ. ಹತ್ತಿ ಅಸ್ತರ್ ಬಟ್ಟಿ ರಾತ್ರಿ ನೀರಾಗ ನೆನಿಹಾಕಿ, ಹಿಂಡಲಾರ್ದ ನೆರಳಿಗೆ ಒಣಗಿಸಿ, ಇಸ್ತ್ರಿ ಮಾಡ್ರಿ, ನೆನಿಸ್ಲಿಲ್ಲಂದ್ರ ಮೊದಲ್ನೇ ಒಗ್ಯಾಣಕ್ಕ ಅಸ್ತರ್ ಕುಗ್ಗಿ ಮ್ಯಾಲಿನ ಬಟ್ಟಿ ಉಬ್ಬಿ ನಿಲ್ತದ. ಆಮ್ಯಾಲ ಅಸ್ತರ್ ಕತ್ತರಿಸಿ, ಮಷೀನಿನಾಗ ದೊಡ್ಡ ಹೊಲಿಗಿ ಇಟ್ಟು, ಟಕ್ಸ್, ಭುಜ, ಸೈಡ್ ಕಚ್ಚಾ ಹೊಲಿದು ಗಿರಾಕಿಗೆ ತೊಡಿಸ್ರಿ, ಮುಂದ ಗುಂಡುಪಿನ್ನಿಲೆ ಮುಚ್ಚರಿ. ಕೈ ಮ್ಯಾಲೆ ಎತ್ತಿಸ್ರಿ, ಮುಂದ ಬಗ್ಗಿಸ್ರಿ, ನೆಲದ ಮ್ಯಾಲ ಕೂಡಿಸ್ರಿ.

ಆಗ ಬಟ್ಟಿ ಮ್ಯಾಲ ಬೀಳೋ ಗೆರಿ ನೋಡ್ರಿ, ಅವು ಎಲ್ಲಿ ತಪ್ಪು ಆಗ್ಯದ ಅಂತ ಬೆರಳು ಮಾಡಿ ತೋರಿಸ್ತಾವ. ಕಂಕುಳದಿಂದ ಎದಿ ಕಡಿಗೆ ಬಿಗಿದ ಗೆರಿ ಓಡಿದ್ರ ಮುಂದ ಅಗಲ ಸಾಲದು. ಕಂಕುಳ ಮುಂದ ಸಡ್ಲ ಜೋಳಗಿ ಬಿದ್ರ ಆ ಬಟ್ಟಿ ಟಕ್ಸಿಗೆ ಹೋಗ್ಬೇಕಿತ್ತು, ಚಿಮಟಿ ಹಿಡಿದು ಪಿನ್ ಹಾಕ್ರಿ, ಎಷ್ಟು ಹಿಡಿದ್ರಿ ಅಷ್ಟು ಟಕ್ಸಿಗೆ ಸೇರಿಸ್ರಿ. ಕೈ ಎತ್ತಿದಾಗ ಪೂರಾ ಜಂಪರ್ ಮ್ಯಾಲ ಎದ್ರ ಕಂಕುಳ ಭಾಳ ಕೆಳಗ ಕತ್ತರಿಸೀರಿ ಅಂತ ಅರ್ಥ, ಇದನ್ನ ಎಲ್ಲಾರೂ ತಿರುವಿ ತಿಳ್ಕೊಳ್ತಾರ, ಬಿಗಿ ಅದ ಅಂತ ಇನ್ನೂ ಕೆಳಗ ಕತ್ತರಿಸ್ತಾರ, ಮತ್ತಷ್ಟು ಕೆಡ್ತದ. ಭುಜ ಹೊರಗ ಜಾರಿದ್ರ ಮೊದಲ ಬೆನ್ನ ಅಗಲ ನೋಡ್ರಿ, ಆಮ್ಯಾಲ ಕೊಳ್ಳದ ಅಗಲ.

ತಿದ್ದಿದ ಜಾಗಾ ಎಲ್ಲಾ ಚಾಕಿಲೆ ಗುರ್ತು ಮಾಡಿ, ಕಚ್ಚಾ ಹೊಲಿಗಿ ಬಿಚ್ಚಿ, ಅಸ್ತರ್ ಇಸ್ತ್ರಿ ಮಾಡಿ, ಮೊದಲ ಖಾಕಿ ಪೇಪರ್ ಮ್ಯಾಲ ಇಟ್ಟು ಎಳಕೊಳ್ರಿ. ಪೇಪರ್ ಮ್ಯಾಲ ಹೆಸರು, ತಾರೀಖು, ಮೂರೂ ಎದಿ ಅಳತಿ ಬರೀರಿ. ಆಮ್ಯಾಲ ಅದೇ ಅಸ್ತರ್ ಮ್ಯಾಲಿನ ಬಟ್ಟಿ ಮ್ಯಾಲ ಇಟ್ಟು ಕತ್ತರಿಸ್ರಿ. ಆಕಿ ಎರಡ್ನೇ ಜಂಪರಿಗೆ ಬಂದಾಗ ಟ್ರಯಲ್ ಬೇಕಾಗಂಗಿಲ್ಲ, ಮೂರು ಅಳತಿ ಅಷ್ಟೇ ಟೇಪ್ ಹಿಡಿದು ನೋಡ್ರಿ, ಬದಲಾಗಿಲ್ಲಂದ್ರ ಪೇಪರ್ ಇಟ್ಟು ಕತ್ತರಿಸೋದು. ಈ ಖಾಕಿ ಪೇಪರ್ ಸುರುಳಿನೇ ನಿಮ್ಮ ಬುಟೀಕಿನ ಆಸ್ತಿ, ಇಲಿ ಹೊಡಿಲಾರ್ದಂಗ ಡಬ್ಬಿಯಾಗ ಇಡ್ರಿ.

ಸೈಡಿನಾಗ ಎರಡೂ ಕಡಿ ಒಂದೂವರಿ ಇಂಚು ಬಟ್ಟಿ ಒಳಗ ಬಿಡ್ರಿ. ಕುಬಸದ ಜಂಪರ್ ಬಂದ್ರ ಎರಡು ಇಂಚು. ನಮ್ಮ ಕಡಿ ಬಸುರಿಗೆ ಹಸರ ಸೀರಿ ಹಸರ ಕುಬಸ ಮಾಡ್ತಾರಲ್ಲ, ಅಳತಿ ಕೊಟ್ಟ ದಿನಕ್ಕೂ ಕಾರ್ಯದ ದಿನಕ್ಕೂ ಮೈ ಒಂದೇ ಇರಂಗಿಲ್ಲ, ತಿಂಗಳು ಮೊದಲ ಅಳತಿ ತಗೊಂಡು ಬಿಗಿ ಹೊಲಿದ್ರ ಅವತ್ತು ಹುಕ್ ಹತ್ತಂಗಿಲ್ಲ. ಕಾರ್ಯಕ್ಕ ಒಂದ್ ವಾರ ಇದ್ದಾಗ ಮತ್ತೊಮ್ಮೆ ತೊಡಿಸಿ ನೋಡಿ ಸೈಡ್ ಮುಗಿಸ್ರಿ, ಹುಕ್ ಮುಂದೇ ಇಡ್ರಿ, ಕೂಸಿಗೆ ಹಾಲು ಕುಡಿಸೋವಾಗ ಅದೇ ಜಂಪರ್ ಉಪಯೋಗಕ್ಕ ಬರ್ತದ. ಉಡಿ ತುಂಬಿದ ಖಣ ತಂದ್ರ ಮಾತ್ರ ಒಪ್ಪಿಕೊಳ್ಳೂಕಿಂತ ಮೊದಲ ಅವರ ಮುಂದೇ ಅಳೀರಿ, ಕೆಲವು ಗಿಡ್ಡ ಇರ್ತಾವ, ಉದ್ದ ತೋಳು ಬೇಕಂದ್ರ ಜೋಡಿ ಹಾಕ್ಬೇಕಾಗ್ತದ ಅಂತ ಅವಾಗೇ ಹೇಳ್ರಿ.

ದರದ ಮಾತು. ನೀವು ಅಸ್ತರ್ ಜಂಪರಿಗೆ 300 ತಗೊಳ್ತೀರಿ ಅನ್ಕೋರಿ, ಅಸ್ತರ್, ದಾರ, ಹುಕ್, ಕ್ಯಾನ್ವಾಸ್, ಕರೆಂಟ್ ಸೇರಿ 100 ಹೋತಂದ್ರ 200 ಉಳೀತದ. ಟ್ರಯಲ್ ಹಿಡಿದು 4 ತಾಸು ಹಿಡಿದ್ರ ತಾಸಿಗೆ 50 ಬಿತ್ತು. ಅದೇ ಜಂಪರ್ ವಾಪಸ್ ಬಂದು ಒಂದೂವರಿ ತಾಸು ಬಿಚ್ಚಿ ಹೊಲಿದ್ರ 200 ರೂಪಾಯಿ ಐದೂವರಿ ತಾಸಿಗೆ ಹಂಚಿ ಹೋತು, ತಾಸಿಗೆ 36. ಅದಕ್ಕ ಟ್ರಯಲ್ಲಿಗೆ ಅರ್ಧ ತಾಸು ಹೋಗ್ತದಂತ ಅಂಜಬ್ಯಾಡ್ರಿ, ಅದು ಉಳಿತಾಯ. ನಿಮ್ಮ ಊರಿನ ದರ ಬ್ಯಾರೆ ಇರಬಹುದು, ಆದ್ರ ತಾಸಿನ ಲೆಕ್ಕಾ ಬರದಿಡ್ರಿ, ಮುಂದ ಡಿಸೈನಿಗೆ ದರ ಹೇಳೋವಾಗ ಅದೇ ಕೈ ಹಿಡಿತದ.

ಒಂದರ ಹಿಂದ ಒಂದು 20 ಜಂಪರ್ ವಾಪಸ್ ಬರ್ಲಾರ್ದ ಹೋದ್ವು ಅಂದ್ರ ಆವಾಗ ಡಿಸೈನಿಗೆ ಕೈ ಹಾಕ್ರಿ. ಬುಟೀಕ್ ಅಂದ್ರ ಗಾಜಿನ ಅಂಗಡಿ ಅಂತ ತಿಳೀಬ್ಯಾಡ್ರಿ, ಹ್ಯಾಂಗರಿಗೆ ನಾಕೈದು ಸ್ಯಾಂಪಲ್ ಜಂಪರ್ ತೂಗ್ಹಾಕಿ, ಗಿರಾಕಿ ಸೀರಿ ಅಂಚು ನೋಡಿ "ನಿಮಗ ಇದು ಹಿಂಗ ಮಾಡಿದ್ರ ಛಂದ ಕಾಣ್ತದ" ಅಂತ ಹೇಳ್ಲಿಕ್ಕ ಬಂದ್ರ ಅದೇ ಬುಟೀಕ್. ಸ್ಯಾಂಪಲ್ ಎಲ್ಲಾ ಫೋನಿನಾಗ ಸಿಗೋ ಡಿಸೈನಿನ ನಕಲಾದ್ರ ಗಿರಾಕಿ ಕಲಬುರಗಿಗೆ ಬಂದೇ ಹೊಲಿಸ್ಕೊಳ್ತಾರ, ನಿಮ್ಮ ಹತ್ರ ಯಾಕ ಬರ್ತಾರ. ನಾನು ಹೇಳೋದು, ಒಂದು ಡಿಸೈನ್ ನಮ್ಮ ನೆಲದ್ದು ಇಡ್ರಿ.

ನಾನು ಒಬ್ಬ ಬೀದರ ಮದುಮಗಳಿಗೆ ಮಾಡಿದ್ದು ಹೇಳ್ತೀನಿ. ಬಿದರಿ ಕೆಲಸ ನೋಡೀರಲ್ಲ, ಸತುವು ತಾಮ್ರ ಕೂಡಿಸಿ ಎರಕ ಹೊಯ್ದು, ಅದರ ಮ್ಯಾಲ ಕೆತ್ತಿದ ಗೆರಿಯಾಗ ಬೆಳ್ಳಿ ಕೂಡಿಸಿ, ಬೀದರ ಕೋಟಿ ಮಣ್ಣು ಹಾಕಿ ಕಪ್ಪು ಮಾಡ್ತಾರ, ಕಪ್ಪಿನಾಗ ಬೆಳ್ಳಿ ಹೊಳೀತದ. ಅದರಾಗಿನ ಅಶರ್ಫಿ ಬೂಟಿ, ಅಂದ್ರ ನಾಣ್ಯದಂಗ ದುಂಡಗಿನ ಹೂವಿನ ಸಾಲು, ಅದನ್ನ ಕಪ್ಪು ರಾ ಸಿಲ್ಕ್ ಮ್ಯಾಲ ಬೆಳ್ಳಿ ಜರಿಯಿಂದ ಆರಿ ವರ್ಕಿನಾಗ ಬೆನ್ನಿಗೆ ಮಾಡಿದ್ದೆ. ಕಲ್ಲು ಮಣಿ ಏನೂ ಹಾಕ್ಲಿಲ್ಲ, ಬಿದರಿಯಾಗ ಅದು ಇಲ್ಲ. ಮೊದಲ ಆಕಿದು ಅಸ್ತರ್ ಟ್ರಯಲ್ ಆತು, ಖಾಕಿ ಪೇಪರ್ ಆತು, ಆ ಪೇಪರಿನ ಗೆರಿ ಸಿಲ್ಕ್ ಮ್ಯಾಲ ಎಳಕೊಂಡೆ, ಹೊಲಿಗಿ ಬೀಳೋ ಗೆರಿ ಬ್ಯಾರೆ, ಕತ್ತರಿಸೋ ಗೆರಿ ಬ್ಯಾರೆ. ವರ್ಕ್ ಹೊಲಿಗಿ ಗೆರಿಯಿಂದ ಕಾಲಿಂಚು ಒಳಗೇ ನಿಲ್ಲಿಸಿದೆ, ಇಲ್ಲಂದ್ರ ಮಷೀನಿನ ಕಾಲು ಜರಿ ಮ್ಯಾಲ ಏರಿ ಹೊಲಿಗಿ ಓರಿ ಹೋಗ್ತದ. ಹಿಂದಿನ ಟಕ್ಸ್ ಎಲ್ಲಿ ಬರ್ತದೋ ಅಲ್ಲಿ ಬೂಟಿ ಬರ್ಲಾರ್ದಂಗ ಸಾಲು ಇಟ್ಟೆ, ಟಕ್ಸಿನಾಗ ಅರ್ಧ ಹೂ ಮುಚ್ಚಿದ್ರ ಅದಕ್ಕಿಂತ ಅಸಹ್ಯ ಕಾಣೋದು ಇನ್ನೊಂದಿಲ್ಲ. ಕೊಳ್ಳ ಹಿಂದ 9 ಇಂಚು ಇಳದಿತ್ತು, ಭುಜ ಜಾರ್ಲಾರ್ದಂಗ ಮ್ಯಾಲ ಡೋರಿ ಕೊಟ್ಟೆ, ಕೊಳ್ಳದ ಅಂಚಿಗೆ ಕ್ಯಾನ್ವಾಸ್ ಪಟ್ಟಿ ಹಾಕಿದೆ.

ವರ್ಕಿಗೆ 18 ತಾಸು ಹಿಡೀತು. ತಾಸಿಗೆ 60 ಹಿಡಿದ್ರೂ 1,080, ಹೊಲಿಗಿ 400, ಜರಿ, ಅಸ್ತರ್ ಇತ್ಯಾದಿ 250, ಅಂದ್ರ 1,730ಕ್ಕ ಕಡಿಮಿ ಹೇಳಿದ್ರ ಕೈಯಿಂದ ಹಾಕ್ದಂಗ. ನಿಮಗ ಆರಿ ಬರ್ಲಿಲ್ಲಂದ್ರ ವರ್ಕ್ ಮಾಡೋರಿಗೆ ಕೊಡ್ರಿ, ಗೆರಿ ಮಾತ್ರ ನೀವೇ ಎಳದು ಕೊಡ್ರಿ, ಅವರಿಗೆ ಎಳೀಲಿಕ್ಕ ಬಿಟ್ರ ಅವರು ತಮ್ಮ ರೆಡಿ ಅಳತಿ ಎಳೀತಾರ. ಬಟ್ಟಿ ಕೊಡೂಕಿಂತ ಮೊದಲ ಮೂಲಿಯಾಗ ಒಂದು ಬೂಟಿ ಮಾಡಿಸಿ, ಒದ್ದಿ ಹತ್ತಿ ಒತ್ತಿ ನೋಡ್ರಿ, ಕಪ್ಪು ಬಣ್ಣ ಬಿಟ್ರ ಬೆಳ್ಳಿ ಜರಿ ಮಾಸಿ ಹೋಗ್ತದ. ಅಡ್ವಾನ್ಸ್ ಅರ್ಧ ತಗೊಳ್ರಿ, ಡಿಸೈನ್ ಜಂಪರಿಗೆ ಅಡ್ವಾನ್ಸ್ ಇಲ್ಲದ ಕತ್ತರಿ ಹಿಡೀಬ್ಯಾಡ್ರಿ.

ಮಷೀನ್ ಕೇಳಿದ್ರಿ. ನಿಮ್ಮ ಕಾಲ್ ಮಷೀನಿಗೆ ಒಂದು ಮೋಟರ್ ಕೂಡಿಸಿದ್ರ ಸಾಕು, ಸಿಲ್ಕಿಗೆ 11 ನಂಬರ್ ಸೂಜಿ, ಹತ್ತಿಗೆ 14, ಸೂಜಿ ಮೊಂಡಾದ್ರ ಸಿಲ್ಕಿನ ಎಳಿ ಕೀಳ್ತದ, ಟಕ್ ಟಕ್ ಸಪ್ಪಳ ಬಂತಂದ್ರ ಬದಲಸ್ರಿ. ಖರ್ಚು ಮಾಡೋದಿದ್ರ ಮೊದಲ ಒಳ್ಳೆ ಇಸ್ತ್ರಿ ತಗೊಳ್ರಿ, ಪ್ರತಿ ಹೊಲಿಗಿ ಹಾಕಿದ ಮ್ಯಾಲ ಇಸ್ತ್ರಿ ಬಿದ್ರ ಜಂಪರಿನ ಮಾರಿನೇ ಬದಲಾಗ್ತದ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಾಗ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನಿಯ 18 ಕಸುಬಿನಾಗ ಟೇಲರ್ ಕಸುಬೂ ಅದ, ತರಬೇತಿ ದಿನಕ್ಕ 500 ಭತ್ಯೆ, 15,000 ತನಕ ಸಾಮಾನಿನ ವೋಚರ್, ಮೊದಲ ಕಂತಿನಾಗ 1 ಲಕ್ಷ ತನಕ 5% ಬಡ್ಡಿಗೆ ಸಾಲ ಅಂತ ಅದರಾಗ ಇಟ್ಟಾರ, ಮನಿಗೆ ಒಬ್ಬರಿಗೇ ಸಿಗೋದು. ಸಿಎಸ್‌ಸಿ ಕೇಂದ್ರಕ್ಕ ಹೋಗಿ ಅರ್ಜಿ ತಗೊಳ್ತಾರೇನು ಕೇಳ್ರಿ. ಆದ್ರ ಸಾಲ ಸಿಗ್ತದಂತ ಎಂಬ್ರಾಯ್ಡರಿ ಮಷೀನ್ ಮನಿಗೆ ತರಬ್ಯಾಡ್ರಿ, 20 ಜಂಪರ್ ಲೆಕ್ಕಾ ಮೊದಲ ಮುಗೀಲಿ.

ಪಂಚಮಿ ಹತ್ರ ಬಂತಂದ್ರ ತವರಿಗೆ ಬರೋ ಹೆಣ್ಮಕ್ಕಳದ್ದು ಒಮ್ಮೆಗೇ ಬಂದು ಬೀಳ್ತಾವ, ಆ ಹದಿನೈದು ದಿನ ಹೊಸ ಗಿರಾಕಿ ಅಳತಿ ಹಿಡೀಬ್ಯಾಡ್ರಿ, ಖಾಕಿ ಪೇಪರ್ ಇರೋರದ್ದಷ್ಟೇ ತಗೊಳ್ರಿ. ಮತ್ತ ಆ ವಾಪಸ್ ಬಂದ ಎರಡು ಜಂಪರ್, ಅವರನ್ನ ಕರೆಸಿ ಮೂರು ಅಳತಿ ತಗೊಂಡು, ಮ್ಯಾಲೆದಿ ತುಂಬೆದಿ ನಡುವ ಎಷ್ಟು ಫರಕ್ ಅದ ಬರದು ಕಳಸ್ರಿ. ಮೂರಿಂಚಿಗಿಂತ ಹೆಚ್ಚಿದ್ರ ಸೈಡ್ ಬಿಚ್ಚೋದ್ರಿಂದ ಸರಿ ಹೋಗಂಗಿಲ್ಲ, ಮುಂದಿನ ಭಾಗ ಬಿಚ್ಚಿ ಕಂಕುಳ ಕೆಳಗ ಪಟ್ಟಿ ಜೋಡಸ್ಬೇಕಾಗ್ತದ, ಉಳಿದ ತುಂಡು ಬಟ್ಟಿ ಇದ್ರ ಒಗೀಬ್ಯಾಡ್ರಿ.